ಆಸ್ಪತ್ರೆಯ ಅಂಗಳದಲ್ಲಿ ಮರಳಿನ ಕಂಬ

ಫ್ರಾನ್ಸ್‌ನ ದಿಜೋನ್ ಪಟ್ಟಣದ ಆಸ್ಪತ್ರೆಯ ಅಂಗಳದಲ್ಲಿ 1855ರ ಅಕ್ಟೋಬರ್ ಕೊನೆಯಲ್ಲಿ ಒಂದು ಲೋಹದ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿದ್ದರು. ಅದು ಆಳೆತ್ತರಕ್ಕಿಂತ ಎತ್ತರವಿತ್ತು. ಒಳವ್ಯಾಸ 35 ಸೆಂಟಿಮೀಟರ್. ಒಳಗೆ ಸೋನ್ ನದಿಯ ಮರಳು. ಆಸ್ಪತ್ರೆಯ ನಲ್ಲಿಯ ಪೈಪಿನಿಂದ ನೀರು ಮೇಲ್ಗಡೆ ಒಳಕ್ಕೆ ಬಂದು, ಮರಳಿನೊಳಗೆ ಇಳಿದು, ತಳದಿಂದ ಹೊರಗೆ ಬೀಳುತ್ತಿತ್ತು. ಬಿದ್ದ ನೀರನ್ನು ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ತೊಟ್ಟಿಯಲ್ಲಿ ಹಿಡಿದು ಅಳೆಯುತ್ತಿದ್ದರು. ಪ್ರಯೋಗ ನಡೆಸುತ್ತಿದ್ದವರು ಹೆನ್ರಿ ಡಾರ್ಸಿ ಎಂಬ ಸರ್ಕಾರಿ ಎಂಜಿನಿಯರ್ ಮತ್ತು ಅವರ ಸಹಾಯಕ ಶಾರ್ಲ್ ರಿಟ್ಟರ್. ಅಂತರ್ಜಲ, ಅಣೆಕಟ್ಟಿನ ಸೋರಿಕೆ, ಫಿಲ್ಟರ್‌ಗಳ ಲೆಕ್ಕಾಚಾರ ಇವತ್ತಿಗೂ ಶುರುವಾಗುವುದು ಆ ಕೊಳವೆಯಿಂದ ಬಂದ ಸಮೀಕರಣದಿಂದಲೇ.

ಡಾರ್ಸಿ ದಿಜೋನಿನವರೇ. ಹನ್ನೆರಡೂವರೆ ಕಿಲೋಮೀಟರಿಗಿಂತ ದೂರದ ರೋಸ್ವಾರ್ ಬುಗ್ಗೆಯಿಂದ, ನೆಲದಡಿಯ ಮುಚ್ಚಿದ ಕಾಲುವೆಯಲ್ಲಿ, ಪಂಪಿನ ಹಂಗಿಲ್ಲದೆ ಬರೀ ಇಳಿಜಾರಿನ ಬಲದಿಂದ 1840ರಲ್ಲಿ ಊರಿಗೆ ನೀರು ತಂದವರು. ಆ ಅನುಭವವನ್ನೆಲ್ಲ ಸೇರಿಸಿ 1856ರಲ್ಲಿ ದಿಜೋನಿನ ಸಾರ್ವಜನಿಕ ಕಾರಂಜಿಗಳ ಕುರಿತು ಒಂದು ದಪ್ಪ ಪುಸ್ತಕ ಪ್ರಕಟಿಸಿದರು. ಮರಳಿನ ಪ್ರಯೋಗ ಇರುವುದು ಅದರ ಕೊನೆಯ ಅನುಬಂಧವೊಂದರಲ್ಲಿ, ಕೆಲವೇ ಪುಟಗಳಲ್ಲಿ. ಹೊಳೆಯ ನೀರನ್ನು ಮರಳಿನಲ್ಲಿ ಸೋಸಿ ಊರಿಗೆ ಕೊಡುವುದು ಆಗಲೇ ಬಳಕೆಗೆ ಬಂದಿತ್ತು. ಲಂಡನ್ನಿನ ಚೆಲ್ಸಿಯಲ್ಲಿ 1829ರಲ್ಲೇ ಅಂಥ ಸೋಸುವ ಹಾಸು ಕಟ್ಟಿದ್ದರು. ಆದರೆ ಇಷ್ಟು ನೀರು ಸೋಸಬೇಕಾದರೆ ಎಷ್ಟು ಅಗಲದ, ಎಷ್ಟು ದಪ್ಪದ ಮರಳು ಬೇಕು ಎಂದು ಮೊದಲೇ ಲೆಕ್ಕ ಹಾಕಿ ಹೇಳುವ ಸೂತ್ರ ಯಾರ ಬಳಿಯೂ ಇರಲಿಲ್ಲ. ಡಾರ್ಸಿಗೆ ಬೇಕಾಗಿದ್ದದ್ದು ಅದು.

ಕೊಳವೆಗೆ ಮರಳು ತುಂಬುವಾಗಲೇ ಅವರು ಒಂದು ಜಾಗ್ರತೆ ವಹಿಸಿದ್ದರು. ಮೊದಲು ಕೊಳವೆಗೆ ನೀರು ತುಂಬಿ, ಆಮೇಲೆ ಅದರೊಳಕ್ಕೆ ಮರಳು ಸುರಿದರು. ಒಣ ಮರಳನ್ನು ಮೊದಲು ತುಂಬಿ ಮೇಲೆ ನೀರು ಹೊಯ್ದರೆ ಕಣಗಳ ಸಂದಿಯಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಗಾಳಿಗುಳ್ಳೆ ಕೂತ ಸಂದಿಯಲ್ಲಿ ನೀರಿಗೆ ದಾರಿಯಿಲ್ಲ, ಹಾಗಾಗಿ ಅಳತೆ ಕಡಿಮೆ ಬರುತ್ತದೆ. ಇವತ್ತಿನ ಪ್ರಯೋಗಾಲಯಗಳಲ್ಲಿ ಎಡವಟ್ಟಾಗುವುದೂ ಹೆಚ್ಚಾಗಿ ಇಲ್ಲಿಯೇ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ನೀರಿನ ಒತ್ತಡ ಅಳೆಯಲು ಮರಳಿನ ಮೇಲ್ಗಡೆಯೂ ಕೆಳಗಡೆಯೂ ಪಾದರಸ ತುಂಬಿದ ಯು ಆಕಾರದ ನಳಿಗೆಗಳನ್ನು ಜೋಡಿಸಿದ್ದರು. ಪಾದರಸವೇ ಏಕೆಂದರೆ ಅದು ನೀರಿಗಿಂತ ಹದಿಮೂರೂವರೆ ಪಟ್ಟು ಭಾರ. ಅವರ ಅತಿ ದೊಡ್ಡ ಅಳತೆ ಹತ್ತಿರಹತ್ತಿರ 11 ಮೀಟರ್ ನೀರಿನ ಎತ್ತರಕ್ಕೆ ಸಮನಾಗಿತ್ತು. ನೀರಿನ ನಳಿಗೆಯಲ್ಲೇ ಅದನ್ನು ನೋಡಬೇಕೆಂದರೆ ಮೂರು ಅಂತಸ್ತಿನ ಮನೆಯಷ್ಟು ಎತ್ತರ ಹತ್ತಬೇಕಾಗಿತ್ತು. ಪಾದರಸದಲ್ಲಾದರೆ 80 ಸೆಂಟಿಮೀಟರಿನಲ್ಲಿ ಮುಗಿಯಿತು. ತೊಂದರೆ ಬಂದದ್ದು ಬೇರೆ ಕಡೆಯಿಂದ. ಆಸ್ಪತ್ರೆಯಲ್ಲಿ ಯಾರಾದರೂ ನಲ್ಲಿ ತಿರುಗಿಸಿದಾಗಲೆಲ್ಲ ಪೈಪಿನ ಒತ್ತಡ ಏರಿಳಿದು ಪಾದರಸ ಕುಣಿಯುತ್ತಿತ್ತು. ಕುಣಿತದ ನಡುಮಟ್ಟವನ್ನು ಗುರುತು ಹಾಕಿಕೊಳ್ಳುವುದು ಬಿಟ್ಟು ಬೇರೆ ಉಪಾಯವಿರಲಿಲ್ಲ. ಯಾವ ಅಳತೆಯಲ್ಲಿ ಕುಣಿತ ಜೋರಾಗಿತ್ತು ಎಂಬುದನ್ನೂ ಕೋಷ್ಟಕದ ಪಕ್ಕದಲ್ಲೇ ಬರೆದಿಟ್ಟರು.

ನೀರು ಮರಳಿನೊಳಗೆ ಏಕೆ ಹರಿಯುತ್ತದೆ? ಒತ್ತಡ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಎಂದು ತಟ್ಟನೆ ಹೇಳಿಬಿಡುತ್ತೇವೆ. ಇದು ಸರಿಯಲ್ಲ. ನೀರು ತುಂಬಿದ ತೊಟ್ಟಿಯ ತಳದಲ್ಲಿ ಒತ್ತಡ ಹೆಚ್ಚು, ಮೇಲ್ಗಡೆ ಕಡಿಮೆ. ಹಾಗೆಂದು ತಳದ ನೀರು ಮೇಲಕ್ಕೆ ಹರಿಯುವುದಿಲ್ಲ, ಸುಮ್ಮನೆ ನಿಂತಿರುತ್ತದೆ. ಎತ್ತರದ ಕಡೆಯಿಂದ ತಗ್ಗಿಗೆ ಎನ್ನುವುದೂ ಪೂರ್ತಿ ನಿಜವಲ್ಲ. ತಳದಿಂದ ಒತ್ತಿ ಬಿಟ್ಟರೆ ಮರಳಿನೊಳಗೆ ನೀರು ಮೇಲಕ್ಕೂ ಏರುತ್ತದೆ. ಎತ್ತರ ಮತ್ತು ಒತ್ತಡ ಎರಡನ್ನೂ ಕೂಡಿಸಿ ನೋಡಬೇಕು. ಆ ಕೂಡಿಕೆಗೆ ಎಂಜಿನಿಯರುಗಳು ಹೆಡ್ ಎನ್ನುತ್ತಾರೆ.

ಅದನ್ನು ಕಣ್ಣಿಂದ ನೋಡುವುದೂ ಸುಲಭ. ಮರಳಿನ ಕಂಬದ ಪಕ್ಕದಲ್ಲಿ ಒಂದು ತೂತು ಕೊರೆದು, ಬಾಯಿ ತೆರೆದ ಗಾಜಿನ ನಳಿಗೆಯೊಂದನ್ನು ಮೇಲ್ಮುಖವಾಗಿ ಜೋಡಿಸಿ. ಅದರಲ್ಲಿ ನೀರು ಏರಿ ಯಾವ ಮಟ್ಟದಲ್ಲಿ ನಿಲ್ಲುತ್ತದೋ ಅದೇ ತೂತಿನ ಜಾಗದ ಹೆಡ್. ನಿಂತ ತೊಟ್ಟಿಯಲ್ಲಿ ಎಲ್ಲಿ ತೂತು ಕೊರೆದರೂ ನೀರು ಒಂದೇ ಮಟ್ಟಕ್ಕೆ ಏರುತ್ತದೆ. ಹೆಡ್‌ನಲ್ಲಿ ವ್ಯತ್ಯಾಸವಿಲ್ಲ, ಅದಕ್ಕೇ ಹರಿವೂ ಇಲ್ಲ. ಹರಿಯುತ್ತಿರುವ ಮರಳಿನ ಕಂಬದಲ್ಲಿ ಮೇಲಿನ ನಳಿಗೆಯ ಮಟ್ಟ ಎತ್ತರದಲ್ಲಿ, ಕೆಳಗಿನದು ತಗ್ಗಿನಲ್ಲಿ. ಕಣಗಳ ನಡುವೆ ಉಜ್ಜಿಕೊಂಡು ಬರುವಾಗ ನೀರು ಕಳೆದುಕೊಂಡದ್ದೆಷ್ಟು ಎಂಬುದನ್ನು ಈ ಎರಡು ಮಟ್ಟಗಳ ನಡುವಿನ ಅಂತರ ತೋರಿಸುತ್ತದೆ.

ರಿಟ್ಟರ್ 1856ರ ಫೆಬ್ರವರಿಯಲ್ಲಿ ನಡೆಸಿದ ಎರಡನೇ ಸುತ್ತಿನ ಪ್ರಯೋಗಕ್ಕೆ ಇದೇ ಕಾರಣದಿಂದ ಮಹತ್ವ. ಮೊದಲ ಸುತ್ತಿನಲ್ಲಿ ತಳದ ನೀರು ಬಯಲಿಗೇ ಬೀಳುತ್ತಿತ್ತು, ಅಂದರೆ ಅಲ್ಲಿನ ಒತ್ತಡ ಹೊರಗಿನ ವಾತಾವರಣದ್ದೇ. ಎರಡನೇ ಸುತ್ತಿನಲ್ಲಿ ತಳದ ಒತ್ತಡವನ್ನೂ ಬದಲಾಯಿಸಿ ನೋಡಿದರು. ಕೆಲವು ಸಲ ಅದು ವಾತಾವರಣದ ಒತ್ತಡಕ್ಕಿಂತ ಹೆಚ್ಚು, ಕೆಲವು ಸಲ ಕಡಿಮೆ. ಆದರೂ ಹೊರಬರುವ ನೀರಿನ ಪ್ರಮಾಣ ಮೇಲಿನ ಮತ್ತು ಕೆಳಗಿನ ಹೆಡ್‌ಗಳ ವ್ಯತ್ಯಾಸವನ್ನೇ ಅನುಸರಿಸಿತು.

ಈಗ ಡಾರ್ಸಿಯ ಕೋಷ್ಟಕದ ಮೊದಲ ಸಾಲನ್ನೇ ತೆಗೆದುಕೊಳ್ಳೋಣ. ಮರಳಿನ ದಪ್ಪ 0.58 ಮೀಟರ್. ಹೆಡ್ ವ್ಯತ್ಯಾಸ 1.11 ಮೀಟರ್. ಇಪ್ಪತ್ತೈದು ನಿಮಿಷ ನೀರು ಹಿಡಿದರು. ಸರಾಸರಿ ನಿಮಿಷಕ್ಕೆ 3.60 ಲೀಟರ್, ಒಟ್ಟು 90 ಲೀಟರ್ ಬಂತು. ಒಂದು ಚದರ ಮೀಟರಿನ ತೊಟ್ಟಿಯಲ್ಲಿ ಇದು ಒಂಬತ್ತು ಸೆಂಟಿಮೀಟರ್ ಏರಿಕೆ, ಬರಿಗಣ್ಣಿಗೆ ಚೆನ್ನಾಗಿಯೇ ಸಿಗುವ ಅಳತೆ. ಎರಡನೇ ಸಾಲಿನಲ್ಲಿ ಹೆಡ್ ವ್ಯತ್ಯಾಸವನ್ನು 2.36 ಮೀಟರಿಗೆ ಏರಿಸಿದಾಗ ನಿಮಿಷಕ್ಕೆ 7.65 ಲೀಟರ್ ಬಂತು. ಬಂದ ಲೀಟರುಗಳನ್ನು ಹೆಡ್‌ನಿಂದ ಭಾಗಿಸಿದರೆ ಮೊದಲ ಸಾಲಿನಲ್ಲಿ ಡಾರ್ಸಿಗೆ ಸಿಕ್ಕಿದ್ದು 3.25, ಎರಡನೆಯದರಲ್ಲಿ 3.24. ಒಂದು ಎಷ್ಟು ಪಟ್ಟು ಹೆಚ್ಚಿದರೆ ಇನ್ನೊಂದೂ ಅಷ್ಟೇ ಪಟ್ಟು ಹೆಚ್ಚುತ್ತದೆ ಎಂದಾಯಿತು. ಕೊಳವೆಯಲ್ಲಿ ರಭಸದಿಂದ ಹರಿಯುವ ನೀರು ಹೀಗೆ ನಡೆದುಕೊಳ್ಳುವುದಿಲ್ಲ, ಅಲ್ಲಿ ಹರಿವು ಎರಡು ಪಟ್ಟಾಗಬೇಕಾದರೆ ಹೆಡ್ ಸುಮಾರು ನಾಲ್ಕು ಪಟ್ಟು ಬೇಕು. ಮರಳಿನ ಸಂದಿಗಳಲ್ಲಿ ನೀರು ಎಷ್ಟು ನಿಧಾನ ಹೋಗುತ್ತದೆಂದರೆ, ಅಲ್ಲಿ ಸುಳಿಯೂ ಇಲ್ಲ ರಭಸವೂ ಇಲ್ಲ, ಬರೀ ಜಿಗುಟಿನ ಎಳೆತ ಮಾತ್ರ.

ಮರಳನ್ನು ಹೊಸದಾಗಿ ತುಂಬಿ ಸುಮಾರು 1.14 ಮೀಟರ್, 1.71 ಮೀಟರ್ ದಪ್ಪಕ್ಕೂ ಅಳೆದರು. ದಪ್ಪ ಹೆಚ್ಚಿದಷ್ಟೂ ಅದೇ ಹೆಡ್‌ಗೆ ಬರುವ ನೀರು ಕಡಿಮೆ. ಕೊನೆಗೆ ಉಳಿದ ಸೂತ್ರ ಇಷ್ಟು:

Q = K × A × h / L

ಇಲ್ಲಿ Q ಎಂದರೆ ಸೆಕೆಂಡಿಗೆ ಬರುವ ನೀರು, A ಕಂಬದ ಅಡ್ಡಕೊಯ್ತದ ವಿಸ್ತೀರ್ಣ, h ಹೆಡ್ ವ್ಯತ್ಯಾಸ, L ಮರಳಿನ ದಪ್ಪ. K ಎಂಬುದು ಜಲವಾಹಕತೆ, ಆ ಮರಳು ನೀರಿಗೆ ಎಷ್ಟು ಸಲೀಸಾಗಿ ದಾರಿ ಬಿಡುತ್ತದೆ ಎಂಬುದರ ಅಳತೆ. ಮೊದಲ ಸಾಲಿಗೆ ಅನ್ವಯಿಸಿ ನೋಡಿ. ನಿಮಿಷಕ್ಕೆ 3.60 ಲೀಟರ್ ಎಂದರೆ ಸೆಕೆಂಡಿಗೆ 60 ಘನ ಸೆಂಟಿಮೀಟರ್. 35 ಸೆಂಟಿಮೀಟರ್ ವ್ಯಾಸದ ಕೊಳವೆಯ ವಿಸ್ತೀರ್ಣ 962 ಚದರ ಸೆಂಟಿಮೀಟರ್. ಭಾಗಿಸಿದರೆ ಸೆಕೆಂಡಿಗೆ 0.062 ಸೆಂಟಿಮೀಟರ್. h / L, ಅಂದರೆ 1.11 ಭಾಗಿಸು 0.58, ಸುಮಾರು 1.91. ಮತ್ತೆ ಭಾಗಿಸಿದರೆ K ಸೆಕೆಂಡಿಗೆ ಸುಮಾರು 0.033 ಸೆಂಟಿಮೀಟರ್. ಎರಡನೇ ಸಾಲಿನಿಂದ ಲೆಕ್ಕ ಹಾಕಿದರೂ ಇದೇ ಅಂಕಿ ಬರುತ್ತದೆ, ಬೇಕಿದ್ದರೆ ಕಾಗದ ತೆಗೆದುಕೊಂಡು ಮಾಡಿ ನೋಡಬಹುದು.

ಸೆಕೆಂಡಿಗೆ 0.033 ಸೆಂಟಿಮೀಟರ್ ದೊಡ್ಡದೋ ಚಿಕ್ಕದೋ? ಅದೇ ಕೊಳವೆಗೆ ಮರಳಿನ ಬದಲು ಚೆನ್ನಾಗಿ ದಮ್ಮಸು ಮಾಡಿದ ಜೇಡಿಮಣ್ಣು ತುಂಬಿದೆವು ಎಂದುಕೊಳ್ಳೋಣ. ಅಂಥ ಮಣ್ಣಿನ K ಸೆಕೆಂಡಿಗೆ ಒಂದು ಸೆಂಟಿಮೀಟರಿನ ಕೋಟಿಯಲ್ಲೊಂದು ಭಾಗ ಇರುವುದು ಸಾಮಾನ್ಯ. ಅದೇ 1.11 ಮೀಟರ್ ಹೆಡ್‌ಗೆ ಮರಳಿನಿಂದ ದಿನಕ್ಕೆ ಐದು ಸಾವಿರ ಲೀಟರಿಗೂ ಮೀರಿ ನೀರು ಬಂದರೆ, ಜೇಡಿಯಿಂದ ಬರುವುದು 16 ಮಿಲಿಲೀಟರ್, ಮೂರು ಟೀ ಚಮಚದಷ್ಟು. ಕೊಳವೆ ಅದೇ, ದಪ್ಪ ಅದೇ, ಹೆಡ್ ಅದೇ. ಬದಲಾದದ್ದು ಸಂದಿಯ ಗಾತ್ರ ಮಾತ್ರ. ಮಣ್ಣಿನ ಗುಣಗಳನ್ನು ಹೇಳುವ ಅಂಕಿಗಳಲ್ಲಿ ಇಷ್ಟೊಂದು ವ್ಯಾಪ್ತಿ ಇರುವಂಥವು ತೀರಾ ಕಡಿಮೆ. ಆದ್ದರಿಂದ K ಎರಡು ಪಟ್ಟು ತಪ್ಪಾದರೂ ಬಲ್ಲವರು ಅಷ್ಟಾಗಿ ತಲೆಕೆಡಿಸಿಕೊಳ್ಳುವುದಿಲ್ಲ. ಹತ್ತು ಪಟ್ಟು ತಪ್ಪಾಗದಿರಲಿ ಎಂದು ನೋಡಿಕೊಳ್ಳುತ್ತಾರೆ.

ಮರಳಿನ K ಅನ್ನು ತೀರ್ಮಾನಿಸುವುದು ಅದರಲ್ಲಿರುವ ದಪ್ಪ ಕಣಗಳಲ್ಲ, ಸಣ್ಣವು. ಅಮೆರಿಕದ ಎಂಜಿನಿಯರ್ ಅಲೆನ್ ಹೇಜನ್ ಮಸಾಚುಸೆಟ್ಸ್‌ನ ಲಾರೆನ್ಸ್‌ನಲ್ಲಿ ಫಿಲ್ಟರ್ ಮರಳನ್ನು ಪರೀಕ್ಷಿಸಿ 1892ರ ವೇಳೆಗೆ ಕಂಡುಕೊಂಡದ್ದು ಇದನ್ನೇ. ಮರಳನ್ನು ಜರಡಿ ಹಿಡಿದಾಗ ತೂಕದಲ್ಲಿ ಹತ್ತರಲ್ಲೊಂದು ಭಾಗ ಯಾವ ಗಾತ್ರಕ್ಕಿಂತ ಸಣ್ಣದಾಗಿದೆಯೋ, ಆ ಗಾತ್ರವನ್ನು ಮಿಲಿಮೀಟರಿನಲ್ಲಿ ಬರೆದು ವರ್ಗ ಮಾಡಿದರೆ, ಸೆಕೆಂಡಿಗೆ ಸೆಂಟಿಮೀಟರಿನಲ್ಲಿ K ಸುಮಾರಾಗಿ ಸಿಕ್ಕಿಬಿಡುತ್ತದೆ. ಆ ಗಾತ್ರ 0.2 ಮಿಲಿಮೀಟರ್ ಆದರೆ K ಸುಮಾರು 0.04. ದಪ್ಪ ಮರಳಿಗೆ ಒಂದಿಷ್ಟು ನುಣ್ಣನೆ ಮಣ್ಣು ಬೆರೆತರೆ ಏಕೆ ನೀರು ಇಂಗುವುದೇ ನಿಲ್ಲುತ್ತದೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ನುಣುಪು ಹೋಗಿ ಕೂರುವುದು ನೀರಿನ ದಾರಿಯಲ್ಲೇ. ಮರಳನ್ನು ಹೇಗೆ ಅಡಕಿದ್ದೇವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಡಾರ್ಸಿಯ ಅಳತೆಗಳಲ್ಲೂ ಕೊಳವೆ ಖಾಲಿ ಮಾಡಿ ಮತ್ತೆ ತುಂಬಿದಾಗ K ಅಷ್ಟೇ ಬರಲಿಲ್ಲ.

K ಬರೀ ಮರಳಿನ ಸ್ವತ್ತೂ ಅಲ್ಲ, ಅದರಲ್ಲಿ ನೀರಿನ ಪಾಲೂ ಇದೆ. ಬಿಸಿ ನೀರು ತೆಳು, ತಣ್ಣೀರು ಜಿಗುಟು. 20 ಡಿಗ್ರಿಯಲ್ಲಿ ಅಳೆದ ಮರಳನ್ನೇ 27 ಡಿಗ್ರಿಯಲ್ಲಿ ಅಳೆದರೆ K ನೂರಕ್ಕೆ ಹದಿನೇಳು, ಹದಿನೆಂಟು ಹೆಚ್ಚು ಬರುತ್ತದೆ. ಮರಳು ಒಂದಿಷ್ಟೂ ಬದಲಾಗಿರುವುದಿಲ್ಲ. ಹೊರದೇಶದ ಪುಸ್ತಕಗಳು ಸಾಮಾನ್ಯವಾಗಿ 20 ಡಿಗ್ರಿಗೆ ಸರಿಹೊಂದಿಸಿ ಹೇಳುತ್ತವೆ. ಭಾರತೀಯ ಮಾನಕ ನಮ್ಮ ಹವೆಗೆ ತಕ್ಕಂತೆ 27 ಡಿಗ್ರಿ ಹಿಡಿದಿದೆ. ಎರಡು ವರದಿಗಳ ಅಂಕಿ ಹೋಲಿಸುವ ಮುನ್ನ ಇದನ್ನು ನೋಡದಿದ್ದರೆ ಇಲ್ಲದ ವ್ಯತ್ಯಾಸಕ್ಕೆ ಕಾರಣ ಹುಡುಕುತ್ತಾ ಕೂರಬೇಕಾಗುತ್ತದೆ.

ಮೇಲೆ ಬಂದ ಸೆಕೆಂಡಿಗೆ 0.062 ಸೆಂಟಿಮೀಟರ್ ಎಂಬ ಅಂಕಿಯನ್ನು ನೀರಿನ ವೇಗ ಎಂದುಕೊಳ್ಳುವವರು ಬಹಳ. ಅದು ಇಡೀ ಕೊಳವೆ ಖಾಲಿಯಿದ್ದರೆ ಇರಬಹುದಾದ ವೇಗ. ನಿಜಕ್ಕೂ ಕೊಳವೆಯ ಹೆಚ್ಚು ಪಾಲನ್ನು ಮರಳಿನ ಕಣಗಳೇ ತಿಂದುಬಿಟ್ಟಿವೆ. ಡಾರ್ಸಿಯ ಮರಳಿನಲ್ಲಿ ಸಂದಿಯ ಪಾಲು ನೂರಕ್ಕೆ ಸುಮಾರು 38. ಅದೇ ನೀರು ಅಷ್ಟು ಇಕ್ಕಟ್ಟಿನಲ್ಲಿ ದಾಟಬೇಕಾದರೆ ಬೇಗ ಹೋಗಲೇಬೇಕು. 0.062 ಅನ್ನು 0.38ರಿಂದ ಭಾಗಿಸಿದರೆ ಸೆಕೆಂಡಿಗೆ 0.16 ಸೆಂಟಿಮೀಟರ್ ಚಿಲ್ಲರೆ. 58 ಸೆಂಟಿಮೀಟರ್ ಮರಳನ್ನು ದಾಟಲು ಹದಿನೈದು ನಿಮಿಷ ಬೇಕೆಂದು ನಾವು ಅಂದುಕೊಂಡಿದ್ದರೆ ನೀರು ಆರೇ ನಿಮಿಷದಲ್ಲಿ ಹೊರಗೆ ಬಂದಿರುತ್ತದೆ. ಎಷ್ಟು ನೀರು ಬರುತ್ತದೆ ಎಂದಷ್ಟೇ ಕೇಳುವವರಿಗೆ ಈ ವ್ಯತ್ಯಾಸ ಬೇಡ. ಪಾಯಿಖಾನೆ ಗುಂಡಿಯಿಂದ ಹೊರಟ ಕೊಳೆ ಬಾವಿಗೆ ಯಾವಾಗ ಮುಟ್ಟುತ್ತದೆ ಎಂದು ಕೇಳುವವರಿಗೆ ಇದೇ ಮುಖ್ಯ.

ಈಗಲೂ ಎಂಜಿನಿಯರಿಂಗ್ ಕಾಲೇಜುಗಳ ಸಾಯಿಲ್ ಲ್ಯಾಬಿನಲ್ಲಿ ಇದೇ ಪ್ರಯೋಗವನ್ನು ಪುಟ್ಟದಾಗಿ ಮಾಡಿಸುತ್ತಾರೆ. ಉಪಕರಣದ ಹೆಸರು ಪರ್ಮಿಯಾಮೀಟರ್. ಮರಳು ತುಂಬುವ ಅಚ್ಚು 10 ಸೆಂಟಿಮೀಟರ್ ವ್ಯಾಸ, 12.73 ಸೆಂಟಿಮೀಟರ್ ಎತ್ತರ. ಈ ವಿಚಿತ್ರ ಎತ್ತರ ಏಕೆಂದರೆ ಆಗ ಒಳಗಿನ ಜಾಗ ಸರಿಯಾಗಿ ಒಂದು ಲೀಟರ್ ಆಗುತ್ತದೆ. ಮೇಲಿನ ತೊಟ್ಟಿಗೂ ಕೆಳಗಿನ ತೊಟ್ಟಿಗೂ ಓವರ್‌ಫ್ಲೋ ಇರುತ್ತದೆ, ನೀರು ಹೆಚ್ಚಾದರೆ ಹೊರಚೆಲ್ಲಿ ಮಟ್ಟ ಒಂದೇ ಸಮ ನಿಲ್ಲುತ್ತದೆ. ಪಾಪ, ಡಾರ್ಸಿಗೆ ಆಸ್ಪತ್ರೆಯ ನಲ್ಲಿಗಳು ಕೊಟ್ಟ ಕಾಟ ಇಲ್ಲಿಲ್ಲ. ಎರಡು ಮಟ್ಟಗಳ ವ್ಯತ್ಯಾಸ 40 ಸೆಂಟಿಮೀಟರ್ ಇಟ್ಟು, ಒಂದು ನಿಮಿಷ ಅಳತೆಯ ಜಾಡಿಯಲ್ಲಿ ಹಿಡಿದಾಗ 300 ಮಿಲಿಲೀಟರ್ ಬಂತು ಎಂದುಕೊಳ್ಳಿ. ಸೆಕೆಂಡಿಗೆ 5 ಘನ ಸೆಂಟಿಮೀಟರ್. ವಿಸ್ತೀರ್ಣ 78.5 ಚದರ ಸೆಂಟಿಮೀಟರ್, h / L ಸುಮಾರು 3.14. K ಸೆಕೆಂಡಿಗೆ 0.02 ಸೆಂಟಿಮೀಟರ್. ಮಧ್ಯಮ ಗಾತ್ರದ ಮರಳಿಗೆ ಒಪ್ಪುವ ಅಂಕಿ.

ವಿದ್ಯಾರ್ಥಿ ಅಷ್ಟಕ್ಕೇ ಬರೆದುಕೊಂಡು ಎದ್ದುಬಿಟ್ಟರೆ ತಪ್ಪು ಗೊತ್ತೇ ಆಗುವುದಿಲ್ಲ. ಅರ್ಧ ಗಂಟೆ ಬಿಟ್ಟು ಮತ್ತೆ ಹಿಡಿದಾಗ 250, ಇನ್ನಷ್ಟು ಹೊತ್ತಿಗೆ 210 ಬಂದರೆ, ಮರಳಿಗೇನೂ ಆಗಿಲ್ಲ, ನಲ್ಲಿ ನೀರಿನಲ್ಲಿ ಕರಗಿದ್ದ ಗಾಳಿ ಹೊರಬಂದು ಸಂದಿಗಳಲ್ಲಿ ಗುಳ್ಳೆಯಾಗಿ ಕೂತಿದೆ ಎಂದು ಮೊದಲು ಅನುಮಾನಿಸಬೇಕು. ಗಾಳಿ ತೆಗೆದ ನೀರನ್ನು, ಅಂದರೆ ಕುದಿಸಿ ಆರಿಸಿದ ಅಥವಾ ನಿರ್ವಾತದಲ್ಲಿ ಇಟ್ಟ ನೀರನ್ನು ಬಳಸಬೇಕು. ಮರಳನ್ನು ತಳದಿಂದ ನಿಧಾನವಾಗಿ ನೀರೇರಿಸಿ ತೋಯಿಸಬೇಕು, ಆಗ ಗಾಳಿ ಮೇಲಕ್ಕೆ ಜರುಗಿ ಹೊರಹೋಗುತ್ತದೆ. ಡಾರ್ಸಿ ನೀರಿನೊಳಕ್ಕೆ ಮರಳು ಸುರಿದದ್ದೂ ಇದಕ್ಕೇ.

ಇನ್ನೊಂದು ಪರೀಕ್ಷೆ ಬಹಳ ಸುಲಭದ್ದು, ಆದರೂ ಎಷ್ಟೋ ಕಡೆ ಮಾಡುವುದೇ ಇಲ್ಲ. ಹೆಡ್ ಅನ್ನು 40ರಿಂದ 20 ಸೆಂಟಿಮೀಟರಿಗೆ ಇಳಿಸಿ. ನೀರು 300ರಿಂದ 150ಕ್ಕೆ ಇಳಿದರೆ ಸರಿ. ಅರ್ಧಕ್ಕಿಂತ ಗಣನೀಯವಾಗಿ ಹೆಚ್ಚು ಬಂದರೆ, ಮೊದಲಿನ ಹೆಡ್‌ಗೆ ಹರಿವು ಮಿತಿ ಮೀರಿ ಜೋರಾಗಿತ್ತು, ಇಲ್ಲವೇ ತೊಟ್ಟಿ, ಪೈಪು, ಸರಂಧ್ರ ಬಿಲ್ಲೆಗಳಲ್ಲೇ ಒಂದಿಷ್ಟು ಹೆಡ್ ಸೋರಿಹೋಗುತ್ತಿತ್ತು. ನಾವು ಅದೆಲ್ಲವನ್ನೂ ಮರಳಿನ ಲೆಕ್ಕಕ್ಕೇ ಹಾಕುತ್ತಿದ್ದೆವು. ಹಾಗಾಗದಿರಲು ಒಳ್ಳೆಯ ಉಪಕರಣಗಳಲ್ಲಿ ಹೆಡ್ ಅನ್ನು ತೊಟ್ಟಿಗಳಲ್ಲಿ ಅಳೆಯದೆ ಮರಳಿನ ಪಕ್ಕಕ್ಕೇ ಜೋಡಿಸಿದ ನಳಿಗೆಗಳಲ್ಲಿ ಅಳೆಯುತ್ತಾರೆ. ಮೂರು ನಳಿಗೆ ಇದ್ದರೆ ಇನ್ನೂ ಅನುಕೂಲ. ಸಮ ದೂರದಲ್ಲಿರುವ ಮೂರರಲ್ಲಿ ಮಟ್ಟ ಒಂದೇ ಸಮನಾಗಿ ಇಳಿಯಬೇಕು. ಮೊದಲೆರಡರ ನಡುವೆ ಹೆಚ್ಚು ಇಳಿದು ಮುಂದೆ ಕಡಿಮೆ ಇಳಿದರೆ ಮರಳಿನ ಮೇಲ್ಪದರ ಕಟ್ಟಿಕೊಂಡಿದೆ ಎಂದರ್ಥ. ಜೇಡಿಯಂಥ ಮಣ್ಣಿಗಂತೂ ಈ ವಿಧಾನವೇ ನಡೆಯುವುದಿಲ್ಲ. ದಿನಕ್ಕೆ ಮೂರು ಚಮಚ ನೀರು ಬರುವ ಕಡೆ ಅಚ್ಚಿನ ಗೋಡೆಗೂ ಮಣ್ಣಿಗೂ ನಡುವಿನ ಕೂದಲೆಳೆ ಸಂದಿಯಿಂದ ಅದಕ್ಕಿಂತ ಹೆಚ್ಚು ಸೋರಬಹುದು. ಅಂಥ ಮಣ್ಣಿಗೆ ತೆಳು ನಳಿಗೆಯಲ್ಲಿ ನೀರಿನ ಮಟ್ಟ ಎಷ್ಟು ಹೊತ್ತಿಗೆ ಎಷ್ಟು ಇಳಿಯಿತು ಎಂದು ನೋಡುವ ಬೇರೆ ವಿಧಾನವಿದೆ.

ಸೂತ್ರಕ್ಕೂ ಒಂದು ಮಿತಿಯಿದೆ. ಅದರ ಸುಳಿವು ಡಾರ್ಸಿಯ ಅದೇ ಕೋಷ್ಟಕದಲ್ಲೇ ಸಿಗುತ್ತದೆ. ಮೊದಲ ಸರಣಿಯ ಹತ್ತನೇ ಅಳತೆಯಲ್ಲಿ ಹೆಡ್ 10.89 ಮೀಟರ್. ಮೊದಲ ಸಾಲಿನ ಪ್ರಮಾಣವೇ ಮುಂದುವರಿದಿದ್ದರೆ ನಿಮಿಷಕ್ಕೆ 35 ಲೀಟರ್ ಬರಬೇಕಿತ್ತು. ಬಂದದ್ದು 29.4. ಹೆಡ್ ಏರಿಸುತ್ತಾ ಹೋದಂತೆ ಲೀಟರಿಗೂ ಹೆಡ್‌ಗೂ ಇರುವ ಪ್ರಮಾಣ 3.25ರಿಂದ 2.70ರವರೆಗೆ ಇಳಿದಿದೆ. ಅಷ್ಟು ಒತ್ತಡಕ್ಕೆ ಮರಳು ಇನ್ನಷ್ಟು ಅಡಕವಾಗಿ ಕೂತಿರಬಹುದು. ಹರಿವು ಜೋರಾಗಿ, ಬರೀ ಜಿಗುಟಿನ ಎಳೆತವಿರುವ ನಿಧಾನಗತಿಯ ಗಡಿಯನ್ನು ಮುಟ್ಟಿದ್ದೂ ಇರಬಹುದು. ಕಣದ ಗಾತ್ರ ಮತ್ತು ಹರಿವಿನ ವೇಗದಿಂದ ಆ ಗಡಿಯನ್ನು ಲೆಕ್ಕ ಹಾಕಿದರೆ ಆ ಹತ್ತನೇ ಅಳತೆ ಅದರ ಆಸುಪಾಸಿನಲ್ಲೇ ಬೀಳುತ್ತದೆ. ನೆಲದಡಿಯ ನೀರು ಸಾಮಾನ್ಯವಾಗಿ ಇದರ ನೂರಾರು ಪಟ್ಟು ನಿಧಾನ ಹರಿಯುವುದರಿಂದ ಅಲ್ಲಿ ಈ ಚಿಂತೆಯಿಲ್ಲ. ಜಲ್ಲಿಕಲ್ಲಿನ ರಾಶಿಯೊಳಗೆ, ಪಂಪು ಓಡುತ್ತಿರುವ ಬಾವಿಯ ಬಾಯಿಯ ಹತ್ತಿರದಲ್ಲೇ, ಈ ಸೂತ್ರ ತೋರಿಸಿದಷ್ಟು ನೀರು ಬರುವುದಿಲ್ಲ.

ಕರ್ನಾಟಕದ ಹೆಚ್ಚಿನ ಭಾಗದ ಬೋರ್‌ವೆಲ್‌ಗಳಿಗೆ ಇನ್ನೊಂದು ತೊಡಕಿದೆ. ಅಲ್ಲಿ ನೀರು ಬರುವುದು ಮರಳಿನಿಂದಲ್ಲ, ಗಟ್ಟಿ ಶಿಲೆಯ ಬಿರುಕುಗಳಿಂದ. ಆ ಶಿಲೆಯ ತುಂಡೊಂದನ್ನು ಕೊರೆದು ತಂದು ಲ್ಯಾಬಿನಲ್ಲಿ ಅಳೆದರೆ K ಶೂನ್ಯಕ್ಕೆ ಹತ್ತಿರ ಬರುತ್ತದೆ, ಅದೇ ಶಿಲೆಯಲ್ಲಿ ಕೊರೆದ ಬಾವಿ ಧಾರಾಳವಾಗಿ ನೀರು ಕೊಡುತ್ತಿರಬಹುದು. ಬಿರುಕಿನ ಅಗಲ ಎರಡು ಪಟ್ಟಾದರೆ ಅದರಲ್ಲಿ ಹರಿಯುವ ನೀರು ಎಂಟು ಪಟ್ಟಾಗುತ್ತದೆ. ಹಾಗಾಗಿ ಒಂದು ಹೊಲದಲ್ಲಿ ಎರಡು ಇಂಚು ನೀರು ಬಿದ್ದರೆ ಪಕ್ಕದ ಹೊಲದಲ್ಲಿ ಅದೇ ಆಳಕ್ಕೆ ಧೂಳೆದ್ದು ಬರುವುದುಂಟು. ಇಂಥ ಕಡೆ K ತಿಳಿಯಬೇಕಾದರೆ ಬಾವಿಯಿಂದಲೇ ಒಂದೇ ಸಮನೆ ಗಂಟೆಗಟ್ಟಲೆ ನೀರೆತ್ತಿ, ಬಾವಿಯಲ್ಲೂ ಸಾಧ್ಯವಾದರೆ ಹತ್ತಿರದ ಇನ್ನೊಂದು ಬೋರಿನಲ್ಲೂ ಮಟ್ಟ ಹೇಗೆ ಇಳಿಯುತ್ತದೆ ಎಂದು ಗುರುತಿಸಿ, ಪಂಪು ನಿಲ್ಲಿಸಿದ ಮೇಲೆ ಹೇಗೆ ಏರುತ್ತದೆ ಎಂದೂ ನೋಡಬೇಕು. ಆ ಲೆಕ್ಕದೊಳಗೂ ಕೂತಿರುವುದು ಡಾರ್ಸಿಯ ಸೂತ್ರವೇ. ಆದರೆ ಅದರಿಂದ ಸಿಗುವ K ಒಂದು ಜಾಗದ್ದಲ್ಲ, ಪಂಪಿನ ಎಳೆತ ಮುಟ್ಟಿದ ಅಷ್ಟೂ ಬಿರುಕುಗಳ ಸರಾಸರಿ.